ಸಹಿ ಬದಲಾಗಿದೆ ಅಂತ ಚೆಕ್ ವಾಪಸ್ ಬಂತು. ಬ್ಯಾಂಕಿನಲ್ಲಿ ಹೊಸ ಸಹಿ ದಾಖಲೆ ಮಾಡಿಸುವುದು ಹೇಗೆ?

ಭಾರತಿ, ತುಮಕೂರು
ಅಡುಗೆಮನೆಯ ಮರದ ಕೆಲಸ ಮಾಡಿಕೊಟ್ಟವರಿಗೆ 1,40,000 ರೂಪಾಯಿ ಚೆಕ್ ಕೊಟ್ಟಿದ್ದೆ. ಖಾತೆಯಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ದುಡ್ಡಿತ್ತು. ಅವರು ಬೆಳಗ್ಗೆ ತಮ್ಮ ಬ್ಯಾಂಕಿಗೆ ಹಾಕಿದರು. ಸಂಜೆಗೆಲ್ಲ ವಾಪಸ್ ಆಗಿದೆ ಅಂತ ಎಸ್‌ಎಂಎಸ್ ಬಂತು. ಅವರ ಕೈಗೆ ಸಿಕ್ಕಿದ ರಿಟರ್ನ್ ಮೆಮೋದಲ್ಲಿ ಕಾರಣ 12, 'ಡ್ರಾಯರ್ಸ್ ಸಿಗ್ನೇಚರ್ ಡಿಫರ್ಸ್' ಅಂತಿದೆ.

ಇದು 2004ರಲ್ಲಿ ಕಾಲೇಜಿಗೆ ಸೇರಿದಾಗ ತೆರೆದ ಖಾತೆ. ಆಗ ಕನ್ನಡದಲ್ಲಿ ಪೂರ್ತಿ ಹೆಸರು ಬರೆದು ಸಹಿ ಹಾಕುತ್ತಿದ್ದೆ. ಕೆಲಸಕ್ಕೆ ಸೇರಿದ ಮೇಲೆ ದಿನಾ ಹತ್ತಾರು ಕಡೆ ಸಹಿ ಹಾಕಿ ಹಾಕಿ, ಈಗ ಅದು ಇಂಗ್ಲಿಷಿನ ಎರಡಕ್ಷರ, ಕೆಳಗೊಂದು ಗೆರೆ ಆಗಿದೆ. ಆದರೆ ಹೋದ ವರ್ಷ ಇದೇ ಸಹಿಯ ಎರಡು ಚೆಕ್ ಪಾಸಾಗಿವೆ. ನಮ್ಮ ಶಾಖೆಯಲ್ಲಿ ನಗದು ಕೂಡ ತೆಗೆದಿದ್ದೇನೆ. ಈಗ ಯಾಕೆ ಬೇಡ ಅಂದರು? ಸಹಿ ಬದಲಾಯಿಸಲು ಏನೇನು ಬೇಕು? ಕೆಲಸದವರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೂ ತಲೆ ತಗ್ಗಿಸುವ ಹಾಗಾಯಿತು.

ವಿಜಯ್ ಕೆ.
ತುಂಬಾ ಸುಲಭ ಮೇಡಂ. ಇನ್ನು ಮುಂದೆ ಚೆಕ್ ಕೊಡುವಾಗ ಬ್ಯಾಂಕ್ ಆ್ಯಪ್‌ನಲ್ಲಿ ಪಾಸಿಟಿವ್ ಪೇ ಹಾಕಿಬಿಡಿ. ಚೆಕ್ ನಂಬರು, ಮೊತ್ತ, ಯಾರಿಗೆ ಅಂತ ನೀವೇ ದೃಢಪಡಿಸಿದ ಮೇಲೆ ಸಹಿ ಯಾರೂ ನೋಡುವುದಿಲ್ಲ. ಇನ್ನೊಂದು, ದುಡ್ಡಿಲ್ಲದೆ ಬೌನ್ಸ್ ಆದರೆ ಮಾತ್ರ ಕೇಸ್. ಸಹಿ ವ್ಯತ್ಯಾಸಕ್ಕೆ ಕೇಸ್ ಆಗುವುದಿಲ್ಲ. ಟೆನ್ಷನ್ ಬೇಡ.

ಹಳೇ ಬ್ಯಾಂಕರ್, ಶಿವಮೊಗ್ಗ
ವಿಜಯ್ ಅವರೇ, ಪಾಸಿಟಿವ್ ಪೇ ಬಗ್ಗೆ ಅರ್ಧ ಸರಿ ಹೇಳಿದ್ದೀರಿ. 2021ರ ಜನವರಿಯಿಂದ 50,000 ಮತ್ತು ಅದಕ್ಕಿಂತ ದೊಡ್ಡ ಚೆಕ್‌ಗಳಿಗೆ ಆ ಸೌಲಭ್ಯ ಇದೆ, ಹಾಕುವುದು ಒಳ್ಳೆಯದೇ. ಆದರೆ ಅದು ನೋಡುವುದು ತಾರೀಖು, ಮೊತ್ತ, ಪಡೆಯುವವರ ಹೆಸರು, ಚೆಕ್ ನಂಬರು. ಸಹಿ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಬೇರೆಯಾಗಿಯೇ ನೋಡುತ್ತಾರೆ. ಕೇಸಿನ ವಿಷಯದಲ್ಲೂ ನಿಮ್ಮ ಮಾತು ಸರಿಯಿಲ್ಲ. ಅದನ್ನು ವಕೀಲರು ಯಾರಾದರೂ ಬರೆದರೆ ಚೆನ್ನ.

ಭಾರತಿ ಮೇಡಂ, ನಾನು ಕ್ಲಿಯರಿಂಗ್ ವಿಭಾಗದಲ್ಲಿ ಬಹಳ ವರ್ಷ ಇದ್ದು ನಿವೃತ್ತನಾದವನು. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಗ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ನೀವು ಕೊಟ್ಟ ಚೆಕ್ಕಿನ ಕಾಗದ ನಿಮ್ಮ ಬ್ಯಾಂಕಿಗೆ ಬರುವುದೇ ಇಲ್ಲ. ಅವರ ಬ್ಯಾಂಕಿನವರು ಅದನ್ನು ಸ್ಕ್ಯಾನ್ ಮಾಡುತ್ತಾರೆ. ಕಾಗದ ಅಲ್ಲೇ ಉಳಿಯುತ್ತದೆ, ಚಿತ್ರ ಮಾತ್ರ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಆ ಚಿತ್ರವನ್ನು ನೋಡುವವರು ನಿಮ್ಮ ಶಾಖೆಯವರೇ ಆಗಿರಬೇಕಿಲ್ಲ. ಬಹಳ ಬ್ಯಾಂಕುಗಳಲ್ಲಿ ಈ ಕೆಲಸಕ್ಕೆ ಬೇರೆ ಕೇಂದ್ರವೇ ಇದೆ. ಅಲ್ಲಿ ಕೂತವರ ಪರದೆಯ ಒಂದು ಬದಿ ನಿಮ್ಮ ಚೆಕ್, ಇನ್ನೊಂದು ಬದಿ 2004ರ ಸಹಿ. ನಿಮ್ಮ ಮುಖ ಅವರು ಕಂಡಿಲ್ಲ. ಆ ಎರಡು ಚಿತ್ರಗಳಿಗೆ ತಾಳೆಯಾಗುತ್ತದೆಯೇ ಅನ್ನುವುದಷ್ಟೇ ಅವರ ಮುಂದಿರುವ ಪ್ರಶ್ನೆ. ಒಂದು ಕಡೆ ಕನ್ನಡದ ಪೂರ್ತಿ ಹೆಸರು, ಇನ್ನೊಂದು ಕಡೆ ಇಂಗ್ಲಿಷಿನ ಎರಡಕ್ಷರ. ನಾನಿದ್ದರೂ ವಾಪಸ್ ಕಳಿಸುತ್ತಿದ್ದೆ.

ಶಾಖೆಯಲ್ಲಿ ನಗದು ಕೊಟ್ಟಾಗ ನೀವೇ ಎದುರಿಗೆ ನಿಂತಿದ್ದಿರಿ, ಪಾಸ್‌ಬುಕ್ ಇತ್ತು, ಗುರುತೂ ಇತ್ತು. ಹಿಂದೆ ಪಾಸಾದ ಚೆಕ್‌ಗಳು ಸಣ್ಣ ಮೊತ್ತದ್ದು ಅಂತ ಕಾಣುತ್ತದೆ, ಅಲ್ವಾ? ಮೊತ್ತ ಏರಿದ ಹಾಗೆ ತಪಾಸಣೆಯೂ ಬಿಗಿಯಾಗುತ್ತದೆ. 5 ಲಕ್ಷ ದಾಟಿದ ಚೆಕ್ಕನ್ನು ಒಂದಕ್ಕಿಂತ ಹೆಚ್ಚು ಹಂತಗಳಲ್ಲಿ ನೋಡಬೇಕು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಅದಕ್ಕಿಂತ ಕೆಳಗೆ ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ಆಯಾ ಬ್ಯಾಂಕಿನ ಲೆಕ್ಕ. ಹಾಗಾಗಿ ಹಳೆಯ ಎರಡು ಚೆಕ್ ಪಾಸಾದವು ಅಂದರೆ ಬ್ಯಾಂಕು ನಿಮ್ಮ ಹೊಸ ಸಹಿ ಒಪ್ಪಿದೆ ಅಂತ ಅಲ್ಲ.

ಇನ್ನೊಂದು ಬದಲಾವಣೆ 2025ರ ಅಕ್ಟೋಬರ್ 4ರಿಂದ ಬಂದಿದೆ. ಹಗಲಿಡೀ ಚೆಕ್ ಚಿತ್ರಗಳು ಬರುತ್ತಲೇ ಇರುತ್ತವೆ, ಅದೇ ಸಂಜೆ 7ರೊಳಗೆ ಪಾಸೋ ವಾಪಸೋ ಅಂತ ಹೇಳಬೇಕು. ಹೇಳದಿದ್ದರೆ ಪಾಸ್ ಅಂತಲೇ ಲೆಕ್ಕ. ಮೊದಲು ಅನುಮಾನ ಬಂದರೆ ಶಾಖೆಗೆ ಫೋನ್ ಮಾಡಿ, ಅವರು ಗ್ರಾಹಕರಿಗೆ ಫೋನ್ ಮಾಡಿ, ಅಷ್ಟರಲ್ಲಿ ಮಾರನೇ ದಿನ ಆದರೂ ನಡೆಯುತ್ತಿತ್ತು. ಈಗ ಅಷ್ಟು ಪುರುಸೊತ್ತಿಲ್ಲ. ಸಂಶಯ ಇದ್ದರೆ ವಾಪಸ್ ಕಳಿಸುವುದೇ ಅಲ್ಲಿ ಕೂತವರಿಗೆ ಸುರಕ್ಷಿತ.

ರವಿ, ಹಾಸನ
ಅವರ ದುಡ್ಡು, ಅವರ ಖಾತೆ. ಒಂದು ಫೋನ್ ಮಾಡಿ ಕೇಳುವುದಕ್ಕೆ ಏನು ಕಷ್ಟ? ಚೂರು ಸೊಟ್ಟ ಇದ್ದರೂ ವಾಪಸ್, ಮೇಲೆ ದಂಡ ಬೇರೆ. ಬ್ಯಾಂಕಿನವರು ತಮ್ಮ ಅನುಕೂಲ ಮಾತ್ರ ನೋಡುತ್ತಾರೆ.

ಹಳೇ ಬ್ಯಾಂಕರ್, ಶಿವಮೊಗ್ಗ
ರವಿ ಅವರೇ, ಸಿಟ್ಟು ನ್ಯಾಯವೇ. ಫೋನ್ ಮಾಡಿ ಕೇಳಿದರೆ ಎಷ್ಟೋ ಚೆಕ್ ಉಳಿಯುತ್ತವೆ, ಇದನ್ನು ನಾನೂ ಒಪ್ಪುತ್ತೇನೆ. ಆದರೆ ಬ್ಯಾಂಕು ಇಷ್ಟು ಹೆದರುವುದಕ್ಕೆ ಕಾರಣ ಇದೆ. ಕೆನರಾ ಸೇಲ್ಸ್ ಕಾರ್ಪೊರೇಷನ್ ಅನ್ನುವ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದವನೇ ಆಡಳಿತ ನಿರ್ದೇಶಕರ ಸಹಿಯನ್ನು ನಕಲು ಮಾಡಿ ಚೆಕ್‌ಗಳ ಮೇಲೆ ದುಡ್ಡು ತೆಗೆದಿದ್ದ. ಕಂಪನಿ ತನ್ನ ಲೆಕ್ಕವನ್ನು ಸರಿಯಾಗಿ ನೋಡಲಿಲ್ಲ, ತಪ್ಪು ಅವರದೇ ಅಂತ ಕೆನರಾ ಬ್ಯಾಂಕ್ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಸಹಿ ನಕಲಿ ಆಗಿದ್ದರೆ ಅದು ಗ್ರಾಹಕರ ಆದೇಶವೇ ಅಲ್ಲ, ಕೊಟ್ಟ ದುಡ್ಡನ್ನು ಬ್ಯಾಂಕೇ ತುಂಬಿಕೊಡಬೇಕು ಅಂತು.

ಅಂದರೆ ತಪ್ಪು ಸಹಿಗೆ ದುಡ್ಡು ಕೊಟ್ಟರೆ ಬ್ಯಾಂಕಿನ ಕೈಯಿಂದ ಹೋಗುತ್ತದೆ. ಸರಿ ಸಹಿಯನ್ನು ವಾಪಸ್ ಕಳಿಸಿದರೆ ಗ್ರಾಹಕರ ಬೈಗುಳ. ಬ್ಯಾಂಕು ಯಾವುದನ್ನು ಆರಿಸಿಕೊಳ್ಳುತ್ತದೆ ಅಂತ ನೀವೇ ಯೋಚಿಸಿ. ಆ ನಿಯಮವೇ ನಿಮ್ಮ ದುಡ್ಡನ್ನೂ ಕಾಯುತ್ತದೆ.

ಅಡ್ವೊಕೇಟ್ ಸುಮಾ, ಧಾರವಾಡ
ಕೇಸಿನ ವಿಷಯ. ಚೆಕ್‌ಗಳಿಗೆ ಅನ್ವಯಿಸುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಓದಿದರೆ ದುಡ್ಡು ಸಾಲದೆ ವಾಪಸ್ ಆದರೆ ಮಾತ್ರ ಅನ್ನಿಸುತ್ತದೆ. ಆದರೆ 2012ರ ನವೆಂಬರ್‌ನಲ್ಲಿ ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ತಾಳೆಯಾಗದೆ ವಾಪಸ್ ಬಂದ ಚೆಕ್ಕಿಗೂ ಈ ಕಲಂ ಅನ್ವಯಿಸಬಹುದು ಅಂತ ತೀರ್ಪು ಕೊಟ್ಟಿದೆ. ಕೊಡಬೇಕಾದ ಸಾಲ ಇದೆ, ಬೇಕು ಅಂತಲೇ ಸಹಿ ಬದಲಾಯಿಸಿ ತಪ್ಪಿಸಿಕೊಳ್ಳುವವರಿಗೆ ದಾರಿ ಸಿಗಬಾರದು ಅನ್ನುವುದು ಅದರ ಹಿಂದಿನ ಯೋಚನೆ.

ಹಾಗಂತ ಭಾರತಿ ಅವರು ಗಾಬರಿ ಆಗಬೇಕಿಲ್ಲ. ಚೆಕ್ ವಾಪಸ್ ಬಂದ ತಕ್ಷಣ ಅಪರಾಧ ಆಗುವುದಿಲ್ಲ. ಪಡೆಯಬೇಕಾದವರು 30 ದಿನದೊಳಗೆ ನೋಟಿಸ್ ಕೊಡಬೇಕು, ಅದು ಕೈಸೇರಿ 15 ದಿನವಾದರೂ ನೀವು ದುಡ್ಡು ಕೊಡದಿದ್ದರೆ ಮಾತ್ರ ಕೇಸು. ಇವತ್ತೇ ಅವರ ಖಾತೆಗೆ ಎನ್‌ಇಎಫ್‌ಟಿ ಮಾಡಿ. ಟಿಪ್ಪಣಿಯ ಜಾಗದಲ್ಲಿ ಯಾವ ಚೆಕ್ಕಿನ ಬದಲಿಗೆ ಅಂತ ಆ ಚೆಕ್ ನಂಬರು ಬರೆಯಿರಿ. ವಾಪಸ್ ಬಂದ ಚೆಕ್ಕನ್ನು ಕೇಳಿ ಪಡೆದುಕೊಳ್ಳಿ. ದುಡ್ಡು ಮುಟ್ಟಿದ ಮೇಲೂ ಆ ಚೆಕ್ ಅವರ ಹತ್ತಿರವೇ ಉಳಿದರೆ ಮುಂದೆ ಅನಗತ್ಯ ತಲೆನೋವು.

ಭಾರತಿ, ತುಮಕೂರು
ಎಲ್ಲರಿಗೂ ಧನ್ಯವಾದ. ಹೌದು ಸರ್, ಹಿಂದಿನ ಎರಡೂ ಚೆಕ್ ಹತ್ತು ಸಾವಿರದೊಳಗಿನವು. ಕೆಲಸದವರಿಗೆ ಈಗಷ್ಟೇ ಎನ್‌ಇಎಫ್‌ಟಿ ಮಾಡಿದೆ. ಚೆಕ್ ನಾಳೆ ತಂದುಕೊಡುತ್ತೇನೆ ಅಂದರು. ಈಗ ಸಹಿ ಬದಲಾಯಿಸಲು ಶಾಖೆಗೆ ಹೋಗಬೇಕು. ಹಳೆಯ ಸಹಿಯನ್ನೂ ಹಾಕಿಸಿಕೊಳ್ಳುತ್ತಾರಂತೆ, ಹೌದಾ? ಇಪ್ಪತ್ತು ವರ್ಷದ ಹಿಂದಿನ ಕೈಬರಹ ಈಗ ಹಾಗೇ ಬರುವುದಿಲ್ಲ.

ಸಂತೋಷ್
ನನ್ನದೂ ಇದೇ ಸಮಸ್ಯೆ. ಪ್ಯಾನ್ ಕಾರ್ಡಿಗೆ ಆನ್‌ಲೈನಲ್ಲಿ ಡಿಜಿಟಲ್ ಸಹಿ ಹಾಕುವಾಗ ಎರರ್ ಬರುತ್ತಿದೆ. ಆಧಾರ್ ಒಟಿಪಿ ಕೂಡ ಬರುತ್ತಿಲ್ಲ. ಏನು ಮಾಡಲಿ?

ವಿಜಯ್ ಕೆ.
ಸಂತೋಷ್, ಅದು ಬೇರೆ ವಿಷಯ. ಇಲ್ಲಿ ಮಾತಾಡುತ್ತಿರುವುದು ಪೆನ್ನಿನ ಸಹಿ. ಬೇರೆ ಚರ್ಚೆ ತೆರೆದು ಕೇಳಿ, ಗೊತ್ತಿರುವವರು ಹೇಳುತ್ತಾರೆ.

ಹಳೇ ಬ್ಯಾಂಕರ್, ಶಿವಮೊಗ್ಗ
ಭಾರತಿ ಮೇಡಂ, ಶಾಖೆಗೆ ಹೋಗುವ ಮೊದಲು ಮನೆಯಲ್ಲಿ ಕೂತು ಒಂದು ಕೆಲಸ ಮಾಡಿ. ಚೆಕ್ ಪುಸ್ತಕದ ಅಡಿಪಟ್ಟಿ ನೋಡಿ, ಹಳೆಯ ಸಹಿಯಲ್ಲಿ ಕೊಟ್ಟು ಇನ್ನೂ ಪಾಸಾಗದ ಚೆಕ್ ಯಾವುದಾದರೂ ಹೊರಗಿದೆಯಾ ಅಂತ ಪಟ್ಟಿ ಮಾಡಿ. ಮಕ್ಕಳ ಶಾಲೆಗೆ ಮುಂದಿನ ತಾರೀಖು ಹಾಕಿ ಕೊಟ್ಟಿದ್ದು, ಮನೆ ಮಾಲೀಕರ ಹತ್ತಿರ ಇರುವುದು, ಸಾಲ ಕೊಟ್ಟ ಸಂಸ್ಥೆ ಭದ್ರತೆಗೆ ಅಂತ ಇಟ್ಟುಕೊಂಡದ್ದು. ಎಲ್ಲರೂ ಮರೆಯುವುದು ಈ ಕೊನೆಯದನ್ನೇ. ದಾಖಲೆಯಲ್ಲಿ ಹೊಸ ಸಹಿ ಕೂತ ದಿನದಿಂದ ಪರದೆಯಲ್ಲಿ ಕಾಣುವುದು ಅದೇ. ಆಮೇಲೆ ಹಳೆಯ ಸಹಿಯ ಚೆಕ್ ಬಂದರೆ ಮತ್ತೆ ಕಾರಣ 12. ಆದಷ್ಟು ಅವನ್ನು ವಾಪಸ್ ಪಡೆದು ಹೊಸ ಚೆಕ್ ಕೊಡಿ. ಆಗದಿದ್ದರೆ ಆ ಚೆಕ್ ನಂಬರುಗಳನ್ನು ಅರ್ಜಿಯಲ್ಲೇ ಬರೆದು, ಇವು ಹಳೆಯ ಸಹಿಯವು, ಪಾಸು ಮಾಡಿ ಅಂತ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ಶಾಖೆಗೆ ಪಾಸ್‌ಬುಕ್, ಆಧಾರ್ ಮತ್ತು ಪ್ಯಾನ್ ಮೂಲ ಪ್ರತಿ, ಜೆರಾಕ್ಸ್, ಒಂದೆರಡು ಫೋಟೋ ತೆಗೆದುಕೊಂಡು ಹೋಗಿ. ಖಾತೆ ಇರುವ ಶಾಖೆಗೇ ಹೋಗುವುದು ಒಳ್ಳೆಯದು. ಅರ್ಜಿಯಲ್ಲಿ ಹಳೆಯ ಸಹಿಗೊಂದು ಚೌಕ, ಹೊಸದಕ್ಕೊಂದು ಚೌಕ ಇರುತ್ತದೆ. ಹಳೆಯದು ಬರದಿದ್ದರೆ ಬರುವುದಿಲ್ಲ ಅಂತ ನೇರವಾಗಿ ಹೇಳಿ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋಗಿ ಬರೆದರೆ ಅದು ಬಿಡಿಸಿದ ಚಿತ್ರದ ಹಾಗೆ ಕಾಣುತ್ತದೆ, ಅಧಿಕಾರಿಗೆ ಅನುಮಾನವೇ ಜಾಸ್ತಿ. ಬದಲಿಗೆ ಗುರುತಿನ ಚೀಟಿ, ಫೋಟೋ, ಬೆರಳಚ್ಚು ನೋಡಿ ಇವರೇ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಕೆಲವು ಕಡೆ ನೋಟರಿ ಅಫಿಡವಿಟ್ ಕೇಳುತ್ತಾರೆ. ಹೋಗುವ ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಹೊಸ ಸಹಿಯನ್ನು ಅಧಿಕಾರಿಯ ಎದುರೇ ಹಾಕಬೇಕು. ಅಲ್ಲಿ ಕೂತಾಗ ಚೆನ್ನಾಗಿ ಕಾಣಲಿ ಅಂತ ನಿಧಾನವಾಗಿ ಅಂದವಾಗಿ ಬರೆಯಬೇಡಿ. ನೀವು ಅವಸರದಲ್ಲಿ ಚೆಕ್ಕಿಗೆ ಹೇಗೆ ಹಾಕುತ್ತೀರೋ ಹಾಗೇ ಹಾಕಿ. ಎಷ್ಟೋ ಜನ ದಾಖಲೆಗೆ ಒಂದು ಸಹಿ, ಚೆಕ್ಕಿಗೆ ಇನ್ನೊಂದು ಮಾಡಿಕೊಳ್ಳುವುದು ಆ ಐದು ನಿಮಿಷದಲ್ಲೇ.

ಆಮೇಲೆ ಒಬ್ಬರು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಾರೆ, ಇನ್ನೊಬ್ಬ ಅಧಿಕಾರಿ ಅದನ್ನು ಒಪ್ಪಬೇಕು. ಈ ಎರಡನೇ ಒಪ್ಪಿಗೆ ಆಗುವವರೆಗೆ ಪರದೆಯಲ್ಲಿ ಹಳೆಯ ಸಹಿಯೇ ಇರುತ್ತದೆ. ಅರ್ಜಿ ಕೊಟ್ಟು ಮನೆಗೆ ಬಂದ ತಕ್ಷಣ ಚೆಕ್ ಬರೆದರೆ ಮತ್ತೆ ವಾಪಸ್ ಬರಬಹುದು. ಅರ್ಜಿಯ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಎಲ್ಲ ಆದ ಮೇಲೆ ಐನೂರು ರೂಪಾಯಿಗೆ ಒಂದು ಚೆಕ್ ಬರೆದು ಬೇರೆ ಬ್ಯಾಂಕಿನಲ್ಲಿರುವ ನಿಮ್ಮದೇ ಖಾತೆಗೆ ಹಾಕಿ ನೋಡಿ. ಅದೇ ಬ್ಯಾಂಕಿಗೆ ಹಾಕಿದರೆ ಕ್ಲಿಯರಿಂಗಿಗೆ ಹೋಗುವುದಿಲ್ಲ, ಪರೀಕ್ಷೆ ಮಾಡಿದ ಹಾಗೆ ಆಗುವುದಿಲ್ಲ. ಪಾಸಾದರೂ ಅದು ಸಣ್ಣ ಮೊತ್ತ ಅನ್ನುವುದು ನೆನಪಿರಲಿ. ಹಾಗಾಗಿ ದಾಖಲೆಯಲ್ಲಿ ಹೊಸ ಸಹಿ ಬಂದಿದೆಯಾ ಅಂತ ಶಾಖೆಯಲ್ಲಿ ಬಾಯಿಬಿಟ್ಟು ಕೇಳಿಯೂ ಬಿಡಿ.

ಮಹಾಲಕ್ಷ್ಮಿ, ಮೈಸೂರು
ನನ್ನ ಅನುಭವದಿಂದ ಒಂದು ಸೇರಿಸುತ್ತೇನೆ ಅಕ್ಕ. ನನ್ನ ಉಳಿತಾಯ ಖಾತೆಯಲ್ಲಿ ಸಹಿ ಬದಲಾಯಿತು, ಯಜಮಾನರ ಜೊತೆಗಿನ ಜಂಟಿ ಖಾತೆಯಲ್ಲಿ ಹಳೆಯದೇ ಉಳಿದುಬಿಟ್ಟಿತ್ತು. ಒಂದೇ ಶಾಖೆ, ಒಬ್ಬಳೇ ಗ್ರಾಹಕಿ, ಆದರೂ ಹೀಗೆ. ಅರ್ಜಿಯಲ್ಲಿ ಎಲ್ಲ ಖಾತೆ ನಂಬರೂ ಬರೆಯಿರಿ. ಠೇವಣಿ, ಲಾಕರ್ ಇದ್ದರೆ ಅದನ್ನೂ ಹೇಳಿ.

ಹಳೇ ಬ್ಯಾಂಕರ್, ಶಿವಮೊಗ್ಗ
ಇದು ಬಹಳ ಒಳ್ಳೆಯ ಮಾತು. ಸಹಿ ಖಾತೆಗೆ ಅಂಟಿಕೊಂಡಿರುವ ಕಡೆ ಒಂದು ಬದಲಾದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

ಪ್ರಕಾಶ್, ಉಡುಪಿ
ನಮ್ಮ ತಂದೆಗೆ 78. ಪಾರ್ಕಿನ್ಸನ್ ಇರುವುದರಿಂದ ಕೈ ನಡುಗುತ್ತದೆ. ಬೆಳಗ್ಗೆ ಹಾಕಿದ ಸಹಿ ಸಂಜೆ ಹಾಕಿದ್ದಕ್ಕೆ ಹೋಲುವುದಿಲ್ಲ. ಎರಡು ಸಲ ದಾಖಲೆ ಬದಲಾಯಿಸಿದೆವು, ಮತ್ತೂ ಚೆಕ್ ವಾಪಸ್. ಅವರಿಗೆ ತಮ್ಮ ಪಿಂಚಣಿಯ ದುಡ್ಡನ್ನು ತಾವೇ ಬಳಸಲಾಗುತ್ತಿಲ್ಲ ಅನ್ನುವ ಕೊರಗು. ಇದಕ್ಕೆ ದಾರಿ ಇದೆಯಾ?

ಹಳೇ ಬ್ಯಾಂಕರ್, ಶಿವಮೊಗ್ಗ
ಇದೆ ಪ್ರಕಾಶ್. ಇಂಥವರಿಗೆ ಮತ್ತೆ ಮತ್ತೆ ಹೊಸ ಸಹಿ ಹಾಕಿಸಬಾರದು. ಹೆಬ್ಬೆಟ್ಟಿಗೆ ಬದಲಾಯಿಸಿ. ವಯಸ್ಸಾದ, ಕಾಯಿಲೆಯಾದ ಗ್ರಾಹಕರು ಹೆಬ್ಬೆಟ್ಟು ಹಾಕಬಹುದು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದು ಇದೆ. ಕೈಬೆರಳು ಆಗದಿದ್ದರೆ ಕಾಲ್ಬೆರಳ ಗುರುತಿಗೂ ಅವಕಾಶ ಇದೆ. 70 ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡಬೇಕು ಅಂತ 2017ರಲ್ಲಿ ಸೂಚನೆ ಬಂದಿದೆ. ಮ್ಯಾನೇಜರಿಗೆ ಲಿಖಿತ ಅರ್ಜಿ ಕೊಡಿ, ವೈದ್ಯರ ಪತ್ರ ಲಗತ್ತಿಸಿ.

ಆದರೆ ಹೆಬ್ಬೆಟ್ಟಿನ ಖಾತೆಗೆ ಚೆಕ್ ಪುಸ್ತಕ ಕೊಡಲು ಶಾಖೆಗಳು ಹಿಂಜರಿಯುತ್ತವೆ. ದುಡ್ಡು ತೆಗೆಯಲು ತೊಂದರೆ ಆಗುವುದಿಲ್ಲ, ಬೇರೆಯವರಿಗೆ ಚೆಕ್ ಕೊಡುವುದು ಕಷ್ಟ. ನಿಮ್ಮನ್ನು ಜಂಟಿ ಮಾಡಿ 'ಇಬ್ಬರಲ್ಲಿ ಯಾರಾದರೂ' ಅನ್ನುವ ಷರತ್ತು ಹಾಕಿಸಿದರೆ ನಿಮ್ಮ ಒಂದು ಸಹಿ ಸಾಕಾಗುತ್ತದೆ. ಅದು ಅವರ ಮನಸ್ಸಿಗೆ ಒಪ್ಪಿತವಾ ಅಂತ ಮೊದಲು ಅವರನ್ನೇ ಕೇಳಿ.

ನಾಗರಾಜ್, ಬೆಂಗಳೂರು
ನಮ್ಮ ಅಪಾರ್ಟ್‌ಮೆಂಟ್ ಸಂಘದ ಚೆಕ್ ಕೂಡ ಸಹಿ ಕಾರಣಕ್ಕೇ ವಾಪಸ್ ಬಂತು, ಮೆಮೋದಲ್ಲಿ 12 ಅಲ್ಲ, 14 ಅಂತಿದೆ. ಅಧ್ಯಕ್ಷರ ಸಹಿ ಸರಿ ಇದೆ. ಖಜಾಂಚಿ ಹೊಸಬರು. ನಾವೂ ಈ ಅರ್ಜಿಯನ್ನೇ ಕೊಡಬೇಕಾ?

ಹಳೇ ಬ್ಯಾಂಕರ್, ಶಿವಮೊಗ್ಗ
ಇಲ್ಲ, ನಿಮ್ಮದು ಬೇರೆ. 14 ಅಂದರೆ ಖಾತೆ ನಡೆಸಲು ಯಾರಿಗೆ ಅಧಿಕಾರ ಕೊಟ್ಟಿದ್ದೀರೋ ಆ ಪ್ರಕಾರ ಸಹಿ ಇಲ್ಲ ಅಂತ. ಹೊಸ ಖಜಾಂಚಿಯ ಹೆಸರು ಬ್ಯಾಂಕಿನ ದಾಖಲೆಗೆ ಸೇರಿಲ್ಲ. ಸಂಘದ ಸಭೆಯ ನಿರ್ಣಯದ ಪ್ರತಿ ಕೊಟ್ಟು, ಹೊಸಬರ ಕೆವೈಸಿ ಮತ್ತು ಸಹಿ ಸೇರಿಸಿ, ಹಳಬರನ್ನು ತೆಗೆಸಬೇಕು. ಅಧ್ಯಕ್ಷರ ಸಹಿ ಮುಟ್ಟಬೇಕಿಲ್ಲ.

ನಾಗರಾಜ್, ಬೆಂಗಳೂರು
ಹಳೆಯ ಖಜಾಂಚಿ ಇದ್ದಾಗ ಇಬ್ಬರೂ ಸಹಿ ಹಾಕಿ ಲಿಫ್ಟ್ ಕಂಪನಿಗೆ ಕೊಟ್ಟ ಚೆಕ್ ಇನ್ನೂ ಹೊರಗಿದೆ. ಅವರ ಹೆಸರು ತೆಗೆಸಿದರೆ ಅದರ ಗತಿ ಏನು?

ಅಡ್ವೊಕೇಟ್ ಸುಮಾ, ಧಾರವಾಡ
ನನ್ನ ಅಭಿಪ್ರಾಯದಲ್ಲಿ ಸಹಿ ಹಾಕಿದ ದಿನ ಅವರಿಗೆ ಅಧಿಕಾರ ಇತ್ತು, ಹಾಗಾಗಿ ಚೆಕ್ ಸಿಂಧು. ಬ್ಯಾಂಕು ಪಾಸು ಮಾಡಬೇಕು.

ಹಳೇ ಬ್ಯಾಂಕರ್, ಶಿವಮೊಗ್ಗ
ಕಾನೂನಿನಲ್ಲಿ ಇರಬಹುದು ಮೇಡಂ. ಕ್ಲಿಯರಿಂಗ್ ಕೇಂದ್ರದಲ್ಲಿ ಕೂತವರಿಗೆ ಅವರು ಯಾವ ದಿನ ಸಹಿ ಹಾಕಿದರು ಅನ್ನುವುದು ಗೊತ್ತಾಗುವುದಿಲ್ಲ, ಚೆಕ್ಕಿನ ಮೇಲಿನ ತಾರೀಖು ಮಾತ್ರ ಕಾಣುತ್ತದೆ. ಹೆಸರು ತೆಗೆದ ಮೇಲೆ ವಾಪಸ್ ಕಳಿಸುವ ಸಾಧ್ಯತೆಯೇ ಜಾಸ್ತಿ. ನಾನಾದರೆ ಆ ಚೆಕ್ ಬದಲಾಯಿಸಿಕೊಡುತ್ತೇನೆ.

ಅಡ್ವೊಕೇಟ್ ಸುಮಾ, ಧಾರವಾಡ
ಸುರಕ್ಷಿತ ಅನ್ನುವುದಾದರೆ ಬದಲಾಯಿಸಿಕೊಡಿ. ಬ್ಯಾಂಕು ವಾಪಸ್ ಕಳಿಸುವುದು ಸರಿ ಅಂತ ಮಾತ್ರ ನಾನು ಒಪ್ಪುವುದಿಲ್ಲ.

ಭಾರತಿ, ತುಮಕೂರು
ಶಾಖೆಗೆ ಹೋಗಿಬಂದೆ. ಅಫಿಡವಿಟ್ ಕೇಳಲಿಲ್ಲ. ಹಳೆಯ ಸಹಿ ಬರುವುದಿಲ್ಲ ಅಂದಾಗ ಬೆರಳಚ್ಚು ತೆಗೆದುಕೊಂಡರು. ಅಧಿಕಾರಿ ಪರದೆ ತಿರುಗಿಸಿ ಹಳೆಯದನ್ನು ತೋರಿಸಿದರು. ಸ್ಕ್ಯಾನ್ ಎಷ್ಟು ಮಸುಕಾಗಿತ್ತು ಅಂದರೆ ಒತ್ತಕ್ಷರಗಳೇ ಕಾಣುತ್ತಿರಲಿಲ್ಲ. ಹೊಸದಕ್ಕೆ ಕಪ್ಪು ಪೆನ್ನೇ ಬಳಸಿ ಅಂದರು. ಎರಡೂ ಖಾತೆ ನಂಬರು ಬರೆದುಕೊಟ್ಟಿದ್ದೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಈ ಖಾತೆಯಿಂದ ಮನೆ ಸಾಲದ ಕಂತು ಪ್ರತಿ ತಿಂಗಳು ಕಡಿತವಾಗುತ್ತದೆ. ಕಡಿತಕ್ಕೆ ಒಪ್ಪಿಗೆ ಕೊಟ್ಟ ಕಾಗದಕ್ಕೆ ಸಹಿ ಹಾಕಿದ್ದು ಹಳೆಯ ರೀತಿ. ಅದು ನಿಲ್ಲುತ್ತದಾ?

ಹಳೇ ಬ್ಯಾಂಕರ್, ಶಿವಮೊಗ್ಗ
ನಿಲ್ಲುವುದಿಲ್ಲ. ಆ ಕಾಗದದ ಸಹಿ ನೋಡುವುದು ಮೊದಲು ನೋಂದಣಿ ಮಾಡುವಾಗ ಮಾತ್ರ. ಆಮೇಲೆ ಪ್ರತಿ ಕಂತಿಗೂ ನೋಡುವುದಿಲ್ಲ. ಮುಂದೆ ಹೊಸ ಕಂತಿಗೆ ಕಾಗದದಲ್ಲಿ ಒಪ್ಪಿಗೆ ಕೊಟ್ಟರೆ ಹೊಸ ಸಹಿ ಹಾಕಿ. ನೆಟ್ ಬ್ಯಾಂಕಿಂಗ್ ಅಥವಾ ಡೆಬಿಟ್ ಕಾರ್ಡ್ ಮೂಲಕ ಕೊಟ್ಟರೆ ಪೆನ್ನಿನ ಸಹಿಯ ಪ್ರಶ್ನೆಯೇ ಬರುವುದಿಲ್ಲ.

ಕಪ್ಪು ಪೆನ್ನು ಅಂದಿದ್ದು ಸರಿಯಾದ ಸಲಹೆ. ಚೆಕ್ಕಿನ ಮುಂಭಾಗದ ಒಂದು ಚಿತ್ರ ಬೂದು ಬಣ್ಣದಲ್ಲಿ, ಇನ್ನೊಂದು ಬರೀ ಕಪ್ಪು ಬಿಳುಪಿನಲ್ಲಿ ಹೋಗುತ್ತದೆ. ತಿಳಿ ನೀಲಿ ಶಾಯಿ ಆ ಎರಡನೆಯದರಲ್ಲಿ ತುಂಡು ತುಂಡಾಗಿ ಬೀಳುತ್ತದೆ. ನಿಮ್ಮ ಸಹಿಯ ಕೆಳಗಿನ ಗೆರೆಯನ್ನು ತುಂಬಾ ಕೆಳಕ್ಕೆ ಎಳೆಯಬೇಡಿ. ಚೆಕ್ಕಿನ ಬುಡದಲ್ಲಿ ಯಂತ್ರ ಓದುವ ಅಂಕಿಗಳ ಬಿಳಿ ಪಟ್ಟಿ ಇದೆ, ಅದನ್ನು ಮುಟ್ಟಬಾರದು.

ಮಹಾಲಕ್ಷ್ಮಿ, ಮೈಸೂರು
ಮ್ಯೂಚುವಲ್ ಫಂಡ್, ಡಿಮ್ಯಾಟ್ ಇದ್ದರೆ ಅಲ್ಲಿ ಬೇರೆಯಾಗಿ ಬದಲಾಯಿಸಬೇಕು ಅಕ್ಕ. ಬ್ಯಾಂಕು ಅವರಿಗೆ ತಿಳಿಸುವುದಿಲ್ಲ. ನನಗೆ ಫಂಡಿನವರು ಬ್ಯಾಂಕ್ ಮ್ಯಾನೇಜರ್ ದೃಢೀಕರಿಸಿದ ಹೊಸ ಸಹಿ ಬೇಕು ಅಂದರು. ಬ್ಯಾಂಕಿನ ಕೆಲಸ ಪೂರ್ತಿ ಮುಗಿದ ಮೇಲೆ ಅದನ್ನು ಹಿಡಿದುಕೊಳ್ಳಿ, ಇಲ್ಲದಿದ್ದರೆ ಮ್ಯಾನೇಜರಿಗೆ ತಾಳೆ ನೋಡಲು ಹೊಸ ಸಹಿಯೇ ಇರುವುದಿಲ್ಲ.